ಎರಡು ತುಂಡಾದ ಗುಡಿ

ರಾತ್ರಿಯಿಡೀ ಓಡಲು ಬಿಟ್ಟಿದ್ದ ಲ್ಯಾಬಿನ ಕಂಪ್ಯೂಟರ್ ಬೆಳಿಗ್ಗೆ ಸುಮ್ಮನೆ ಕೂತಿತ್ತು. ಕೆಲಸ ಮುಗಿದಿದೆ ಅಂತ ಖುಷಿಯಾಗಿ `sparse` ಫೋಲ್ಡರ್ ತೆರೆದೆ. ಒಳಗೆ `0` ಮತ್ತು `1` ಎಂಬ ಎರಡು ಫೋಲ್ಡರ್ ಇದ್ದವು. ಇರಬೇಕಾಗಿದ್ದದ್ದು ಒಂದೇ.

ಫೋಟೊಗಳನ್ನು ಜೋಡಿಸಿ ಮೂರು ಆಯಾಮದ ಮಾದರಿ ಕಟ್ಟುವ ಕೋಲ್‌ಮ್ಯಾಪ್ ಎಂಬ ಸಾಫ್ಟ್‌ವೇರ್ ಬಳಸಿದವರಿಗೆ ಇದರ ಅರ್ಥ ಗೊತ್ತು. ಫೋಟೊಗಳನ್ನೆಲ್ಲ ಒಂದಕ್ಕೊಂದು ಹೊಂದಿಸಲು ಅದಕ್ಕೆ ಆಗಿಲ್ಲ. ಹಾಗಾಗಿ ಗುಡಿಯನ್ನು ಎರಡು ಬೇರೆ ಬೇರೆ ಮಾದರಿಗಳಾಗಿ ಕಟ್ಟಿಟ್ಟಿದೆ. `0` ತೆರೆದರೆ ಡ್ರೋನ್ ಕಂಡ ಚಾವಣಿ ಮತ್ತು ಅಂಗಳ. `1` ತೆರೆದರೆ ನಾವು ಮೊಬೈಲಿನಲ್ಲಿ ತೆಗೆದ ಗೋಡೆ. ಚಾವಣಿಗೆ ಗೋಡೆ ಇಲ್ಲ, ಗೋಡೆಗೆ ಚಾವಣಿ ಇಲ್ಲ!

ಗುಡಿ ಬೀದರ್ ಜಿಲ್ಲೆ ಹುಮನಾಬಾದ್ ತಾಲೂಕಿನ ಜಲಸಂಗ್ವಿಯದು. ಚಾಲುಕ್ಯರ ಕಾಲದ್ದು. ಹೊರಗೋಡೆಯ ಮದನಿಕೆಯರಿಂದ ಹೆಸರಾದದ್ದು. ಅವರಲ್ಲಿ ಒಬ್ಬಳು ಶಾಸನ ಬರೆಯುತ್ತಾ ನಿಂತಿದ್ದಾಳೆ. ಅವಳು ಬರೆದದ್ದು 1076ರಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ನಮ್ಮ ಕಲಬುರಗಿಯ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟ್ ಏನೆಂದರೆ, ನೋಡುವವರು ಪರದೆಯ ಮೇಲೆ ಆಕಾಶದಿಂದ ಇಳಿದು, ಗುಡಿ ಸುತ್ತಿ, ಕೊನೆಗೆ ಅವಳ ಮುಂದೆ ನಿಂತು ಆ ಅಕ್ಷರ ಓದಬೇಕು. ಇಲಾಖೆಯ ಅನುಮತಿ ಪತ್ರ, ಡ್ರೋನ್ ಹಾರಿಸಬಹುದೇ ಎಂಬ ನಕ್ಷೆ ನೋಡುವುದು (ಬೀದರಿನಲ್ಲಿ ವಾಯುಪಡೆ ನೆಲೆ ಇದೆಯಲ್ಲ), ಇವೆಲ್ಲ ಮುಗಿಸಿಕೊಂಡೇ ಹೋಗಿದ್ದೆವು. ಫೋಟೊ ತೆಗೆಯುವುದಕ್ಕೆ ಮಾತ್ರ ಯೋಜನೆ ಇರಲಿಲ್ಲ. ಸಿಕ್ಕಲ್ಲೆಲ್ಲ ಕ್ಲಿಕ್ ಮಾಡಿದ್ದೆವು.

ಗೈಡ್ ಮೇಡಂ ಬಂದು ಎರಡೂ ಮಾದರಿ ನೋಡಿದರು. ಬೈಯಲಿಲ್ಲ. "ಡ್ರೋನ್ ಎಷ್ಟು ದೂರದಿಂದ ನೋಡ್ತು? ನೀವು ಎಷ್ಟು ದೂರದಿಂದ ನೋಡಿದ್ರಿ? ಬೋರ್ಡ್ ಮೇಲೆ ಬರೀರಿ" ಅಂದರು.

ಬರೆದೆವು. ಡ್ರೋನ್ ಚಾವಣಿಯಿಂದ 20 ಮೀಟರ್ ಮೇಲಿತ್ತು. ಅದರ ಕ್ಯಾಮೆರಾ ಎಷ್ಟು ದೂರದಿಂದ ನೋಡುತ್ತದೋ ಅದರ ಒಂದೂವರೆ ಪಟ್ಟು ಅಗಲ ಫ್ರೇಮಿನಲ್ಲಿ ಬರುತ್ತದೆ. ಅಂದರೆ 30 ಮೀಟರ್. ಫೋಟೊ 4000 ಪಿಕ್ಸೆಲ್ ಅಗಲ. ಹಾಗಾದರೆ ಒಂದು ಪಿಕ್ಸೆಲ್ಲಿಗೆ ಏಳೂವರೆ ಮಿಲಿಮೀಟರ್. ಮೊಬೈಲಿನ ಲೆನ್ಸೂ ಹೆಚ್ಚುಕಡಿಮೆ ಅಂಥದ್ದೇ, ಆದರೆ ನಾವು ಗೋಡೆಯಿಂದ ಒಂದೂಕಾಲು ಮೀಟರಿನಲ್ಲಿ ನಿಂತಿದ್ದೆವು. ಅಲ್ಲಿ ಒಂದು ಪಿಕ್ಸೆಲ್ಲಿಗೆ ಅರ್ಧ ಮಿಲಿಮೀಟರ್. ಹದಿನೈದು ಪಟ್ಟು ವ್ಯತ್ಯಾಸ!

ಕಂಪ್ಯೂಟರ್ ಎರಡು ಫೋಟೊ ಹೊಂದಿಸುವುದು ಸಣ್ಣ ಸಣ್ಣ ಗುರುತುಗಳಿಂದ. ಕಲ್ಲಿನ ಒಂದು ಚಕ್ಕೆ, ಒಂದು ಕಲೆ, ಒಂದು ಮೂಲೆ. ಗಾತ್ರ ಎರಡು, ಹೆಚ್ಚೆಂದರೆ ಮೂರು ಪಟ್ಟು ಬದಲಾದರೆ ಗುರುತು ಹಿಡಿಯುತ್ತದೆ. ಹದಿನೈದು ಪಟ್ಟಾದರೆ ಮೊಬೈಲ್ ಕಂಡ ಚಕ್ಕೆ ಡ್ರೋನಿನ ಫೋಟೊದಲ್ಲಿ ಇರುವುದೇ ಇಲ್ಲ. ಮೇಲಾಗಿ ಡ್ರೋನ್ ನೇರ ಕೆಳಗೆ ನೋಡುತ್ತಿತ್ತು, ನಾವು ನೇರ ಮುಂದೆ ನೋಡುತ್ತಿದ್ದೆವು. ಇಬ್ಬರೂ ಕಂಡ ಕಲ್ಲು ಒಂದೂ ಇರಲಿಲ್ಲ ಅಂದರೂ ನಡೆದೀತು. ಕೆಳಗಿನ ಫೋಟೊ ಇನ್ನೂ ಐನೂರು ತೆಗೆದಿದ್ದರೂ ಪ್ರಯೋಜನ ಇರಲಿಲ್ಲ.

"ಬಾವಿಗೆ ಮೆಟ್ಟಿಲಿಲ್ಲದೆ ಇಳಿಯೋಕೆ ಹೋಗಿದ್ದೀರಿ" ಅಂದರು ಮೇಡಂ. ಆ ದಿನ ಉಳಿದ ಹೊತ್ತೆಲ್ಲ ಮೆಟ್ಟಿಲು ಹಾಕುವುದರಲ್ಲೇ ಹೋಯಿತು.

ಪ್ರತಿ ಮೆಟ್ಟಿಲಿಗೆ ದೂರ ಅರ್ಧ ಮಾಡಿದೆವು. 20 ಮೀಟರ್, 10, 5, ಎರಡೂವರೆ, ಒಂದೂಕಾಲು. ಐದೇ ಮೆಟ್ಟಿಲು. ಕ್ಯಾಮೆರಾ ಕೂಡ ಒಮ್ಮೆಲೇ ತಿರುಗಬಾರದು. ಮೊದಲು ನೇರ ಕೆಳಗೆ, ಆಮೇಲೆ ಓರೆಯಾಗಿ, ಆಮೇಲೆ ನೇರ ಮುಂದೆ. 10 ಮೀಟರ್ ಮೆಟ್ಟಿಲಿನಲ್ಲಿ ಡ್ರೋನ್ ಗುಡಿಯ ಸುತ್ತ ಓರೆಯಾಗಿ ನೋಡುತ್ತಾ ಒಂದು ಸುತ್ತು ಬರಬೇಕು. 12 ಡಿಗ್ರಿಗೆ ಒಂದರಂತೆ 30 ಫೋಟೊ. ಈ ಒಂದು ಸುತ್ತಿನಲ್ಲಿ ಚಾವಣಿಯ ಅಂಚೂ ಗೋಡೆಯೂ ಒಟ್ಟಿಗೆ ಕಾಣುತ್ತವೆ. ಬೆಸುಗೆ ಬೀಳುವುದು ಅಲ್ಲೇ.

ಐದು ಮೀಟರ್ ಮೆಟ್ಟಿಲಿನ ಮೇಲೆ ಜಗಳ ಆಯಿತು. ಡ್ರೋನ್ ಹಾರಿಸುವವನು ತಾನೇ ಮಾಡುತ್ತೇನೆ ಅಂದ. ಗೋಡೆಯ ಹತ್ತಿರ ಹೋದಂತೆ ಅರ್ಧ ಆಕಾಶ ಮರೆಯಾಗುತ್ತದೆ, ಜಿಪಿಎಸ್ ಸಿಗ್ನಲ್ ಕೆಡುತ್ತದೆ, ಡ್ರೋನ್ ತಾನಾಗಿ ಒಂದೆರಡು ಮೀಟರ್ ಜಾರಬಹುದು. ಜಾರಿ ಬಡಿದರೆ ಬಡಿಯುವುದು ಒಂಬೈನೂರು ವರ್ಷದ ಮೂಗಿಗೆ. ಬೇಡವೇ ಬೇಡ ಅಂದೆವು. ಕೊನೆಗೆ ನಾಲ್ಕು ಮೀಟರಿನ ಬಿದಿರು ಗಳ, ಅದರ ತುದಿಗೆ ಮೊಬೈಲ್, ಕೈಯಲ್ಲಿ ಬ್ಲೂಟೂತ್ ಬಟನ್ ಅಂತ ತೀರ್ಮಾನ. ಅವನ ಮುಖ ಸ್ವಲ್ಪ ಸಣ್ಣದಾಯಿತು.

ಕೊನೆಯ ಮೆಟ್ಟಿಲು ನಮ್ಮ ಕಾಲಿನದು. ಒಂದೂಕಾಲು ಮೀಟರಿನಿಂದ ಫ್ರೇಮಿಗೆ ಗೋಡೆಯ ಸುಮಾರು ಎರಡು ಮೀಟರ್ ಬರುತ್ತದೆ. ಪಕ್ಕಪಕ್ಕದ ಫೋಟೊಗಳು ಎಂಬತ್ತು ಪರ್ಸೆಂಟ್ ಒಂದರ ಮೇಲೊಂದು ಬೀಳಬೇಕಾದರೆ ನಲವತ್ತು ಸೆಂಟಿಮೀಟರಿಗೊಂದು ಕ್ಲಿಕ್. ಅಂದರೆ ಅರ್ಧ ಹೆಜ್ಜೆ. ಮೊದಲ ಸಲ ನಾನು ಒಂದೇ ಕಡೆ ನಿಂತು ಮೊಬೈಲ್ ಮಾತ್ರ ತಿರುಗಿಸಿದ್ದೆ. ಕಾಲು ಜರುಗದಿದ್ದರೆ ಆಳ ಎಷ್ಟು ಅಂತ ಲೆಕ್ಕ ಹಾಕಲು ದಾರಿಯೇ ಇಲ್ಲ. ಒಳಗೆ ಹೊರಗೆ ಮಡಚಿಕೊಂಡು ಹೋಗುವ ಈ ಗೋಡೆಯಲ್ಲಿ ಪ್ರತಿ ಮೂಲೆಗೂ ಹೊಕ್ಕು ಬರಬೇಕು.

ಆಮೇಲೆ ಅಕ್ಷರದ ಮಾತು. ಕೊರೆದ ಗೀರು ಎರಡು ಮಿಲಿಮೀಟರ್ ಅಂತ ಹಿಡಿದರೆ ಅರ್ಧ ಮಿಲಿಮೀಟರಿನ ಪಿಕ್ಸೆಲ್ ನಾಲ್ಕು ಬೀಳುತ್ತವೆ. ಓದಲು ಸಾಕು ಅನ್ನಿಸಿತು. ಆದರೆ ಮೊದಲ ದಿನದ ಫೋಟೊ ದೊಡ್ಡದು ಮಾಡಿ ನೋಡಿದರೆ ಒಂದು ಅಕ್ಷರವೂ ಸರಿಯಾಗಿ ಕಾಣಲಿಲ್ಲ.

ಆಗ ನೆನಪಾದದ್ದು ಗುಡಿ ಹತ್ತಿರ ಕೂತಿದ್ದ ಕಾಕಾ. ನಾವು ಹೊರಡುವಾಗ ಕರೆದು ಹೇಳಿದ್ದರು: "ತಮ್ಮಾ, ಬಿಸಲ ಅಡ್ಡ ಬಿದ್ದಾಗ ಬರ್ರಿ. ಆವಾಗ ನೋಡ್ರಿ, ಅಕ್ಷರ ಎದ್ದು ನಿಂದರತಾವ." ನಾವು ಹೂಂ ಅಂದು ಬಂದಿದ್ದೆವು.

ಕಾಕಾನ ಮಾತು ನೂರಕ್ಕೆ ನೂರು ನಿಜ. ಗೀರು ಕಾಣುವುದು ಬಣ್ಣದಿಂದಲ್ಲ, ನೆರಳಿನಿಂದ. ನಮಗೆ ಬೇಕಾದದ್ದು ಮಾತ್ರ ಅದಕ್ಕೆ ಉಲ್ಟಾ. ಬಿಸಿಲಿನಲ್ಲಿ ತೆಗೆದರೆ ನೆರಳು ಕಲ್ಲಿನ ಬಣ್ಣದ ಜೊತೆ ಅಂಟಿಕೊಂಡು ಮಾದರಿಯಲ್ಲಿ ಖಾಯಂ ಉಳಿಯುತ್ತದೆ. ಎರಡು ಗಂಟೆ ಬಿಟ್ಟು ತೆಗೆದ ಫೋಟೊದಲ್ಲಿ ಅದೇ ನೆರಳು ಬೇರೆ ಕಡೆ ಇರುತ್ತದೆ, ಸಾಫ್ಟ್‌ವೇರ್ ಅದನ್ನೂ ಗುರುತು ಅಂದುಕೊಂಡು ದಾರಿ ತಪ್ಪುತ್ತದೆ. ಮೋಡದ ಚಪ್ಪಟೆ ಬೆಳಕು ಹೊಂದಿಸುವುದಕ್ಕೆ ಒಳ್ಳೆಯದು, ಓದುವುದಕ್ಕೆ ಕೆಟ್ಟದ್ದು.

ದಾರಿ ಹೊಳೆದದ್ದು ಸಂಜೆ ಹೊತ್ತಿಗೆ. ಬಿಸಿಲನ್ನು ಫೋಟೊದಲ್ಲಿ ಹಿಡಿಯುವುದು ಬೇಡ, ಮಾದರಿಯೊಳಗೆ ನಾವೇ ಹಚ್ಚೋಣ. ಮೋಡದ ಬೆಳಕಿನಲ್ಲಿ ಶಾಸನದ ಭಾಗವನ್ನಷ್ಟೇ ಅರ್ಧ ಮೀಟರಿನಿಂದ, ಇನ್ನೊಂದು ಮೆಟ್ಟಿಲು ಇಳಿದು ತೆಗೆಯುವುದು. ಆಗ ಗೀರಿನ ಆಳವೇ ಮಾದರಿಗೆ ಬರುತ್ತದೆ. ನೋಡುವವರ ಕೈಗೆ ಒಂದು ದೀಪ ಕೊಟ್ಟರೆ, ಅದನ್ನು ಬದಿಗೆ ಸರಿಸಿದಾಗ ಅಕ್ಷರ ಎದ್ದು ನಿಲ್ಲಬೇಕು. ಇಡೀ ಗುಡಿಗೆ ಇಷ್ಟು ಸೂಕ್ಷ್ಮ ಮಾಡಿದರೆ ನಮ್ಮ ಲ್ಯಾಬಿನ ಕಂಪ್ಯೂಟರ್ ಉಸಿರು ಬಿಡುತ್ತದೆ. ಅವಳೊಬ್ಬಳಿಗೆ ಮಾಡಬಹುದು.

ಯೋಜನೆಯ ಕೊನೆಗೆ ಒಂದು ಸಾಲು ಸೇರಿಸಿದೆವು. ಗುಡಿ ಬಿಡುವ ಮೊದಲು ಫೋಟೊಗಳನ್ನು ಸಣ್ಣದು ಮಾಡಿ ಲ್ಯಾಪ್‌ಟಾಪಿನಲ್ಲಿ ಅಲ್ಲೇ ಓಡಿಸಬೇಕು. `0` ಒಂದೇ ಬಂದರೆ ಮನೆಗೆ. `1` ಕಂಡರೆ ಯಾವ ಮೆಟ್ಟಿಲು ಮುರಿದಿದೆ ನೋಡಿ ಮತ್ತೆ ಗಳ ಎತ್ತಬೇಕು.

ಶನಿವಾರ ಬೆಳಿಗ್ಗೆ ಬಿದಿರು ಗಳ ಜೀಪಿಗೆ ಕಟ್ಟುವ ಮೊದಲು ಕಾಕಾಗೆ ಫೋನ್ ಮಾಡಿದೆ. "ಕಾಕಾ, ಅಲ್ಲಿ ಮೋಡ ಅದಾವೇನ್ರಿ?"

"ಮೋಡ ಯಾಕಪಾ? ಬಿಸಲ ಚೊಲೊ ಬಿದ್ದದ, ನಾ ಹೇಳಿದ್ನೆಲ್ಲ! ಲಗೂನ ಬರ್ರಿ."

ಗಳ ಇಳಿಸಿ ಹಾಸ್ಟೆಲಿನ ಗೋಡೆಗೆ ಒರಗಿಸಿಟ್ಟೆವು.