ಆ್ಯಡ್ ಇಲ್ಲ, ಆದರೂ ದುಡ್ಡಿದೆ

ಅತ್ತಿಗೆಗೆ ನನ್ನ ಮೇಲೆ ಸಣ್ಣ ಮುನಿಸು. "ನೀನು ಯೂಟ್ಯೂಬ್ ಪ್ರೀಮಿಯಂ ತಗೊಂಡಿದ್ದೀಯ, ಆ್ಯಡೇ ಬರಲ್ಲ, ಇನ್ನು ನನ್ನ ಹೋಳಿಗೆ ವಿಡಿಯೋ ನೋಡಿದರೆ ನನಗೇನು ಬಂತು?" ಅಂತ.

ಅವರ ಫೋನಲ್ಲೇ ಚಾನೆಲ್‌ನ ಲೆಕ್ಕ ತೋರಿಸೋ ಯೂಟ್ಯೂಬ್ ಸ್ಟುಡಿಯೋ ಆ್ಯಪ್ ತೆಗೆದು ಆದಾಯದ ಪುಟ ತೋರಿಸಿದೆ. ಜಾಹೀರಾತಿನ ಸಾಲು ಬೇರೆ, ಪ್ರೀಮಿಯಂ ಸಾಲು ಬೇರೆ. ಮೊತ್ತ ಸಣ್ಣದೇ, ಆದರೆ ಇದೆ! ನಾವು ಕಟ್ಟುವ ತಿಂಗಳ ಚಂದಾದಲ್ಲಿ ಒಂದು ಪಾಲು, ಪ್ರೀಮಿಯಂನವರು ಯಾರ ವಿಡಿಯೋ ಎಷ್ಟು ಹೊತ್ತು ನೋಡಿದರು ಅನ್ನೋದರ ಮೇಲೆ ಚಾನೆಲ್‌ಗಳಿಗೆ ಹಂಚಿಕೆಯಾಗುತ್ತೆ. ಮಾಮೂಲಿ ಉದ್ದದ ವಿಡಿಯೋ ಆದರೆ, ಅದರ ಲೆಕ್ಕಕ್ಕೆ ಬಂದ ನಿವ್ವಳ ಹಣದಲ್ಲಿ ನೂರಕ್ಕೆ 55 ಚಾನೆಲ್‌ನವರಿಗೆ, ಶಾರ್ಟ್ಸ್‌ಗೆ 45. ಇಲ್ಲಿ ಕ್ಲಿಕ್ಕಿಗಿಂತ ನಿಮಿಷಕ್ಕೇ ಬೆಲೆ. ನಾನು ಅವರ 22 ನಿಮಿಷದ ವಿಡಿಯೋ ಹಾಕಿ, ಫೋನ್ ಜೇಬಲ್ಲಿಟ್ಟು ಪಾತ್ರೆ ತೊಳೆಯುತ್ತಾ ಕೇಳಿದ್ದೂ ಸುಮ್ನೆ ಹೋಗಲ್ಲ. ಎರಡು ನಿಮಿಷಕ್ಕೇ ಮುಚ್ಚಿದರೆ ಮಾತ್ರ ಅಷ್ಟಕ್ಕಷ್ಟೇ.

ಆ್ಯಡ್ ಬ್ಲಾಕರ್ ಹಾಕಿಕೊಂಡವರ ಕಥೆ ಬೇರೆ, ಅವರಿಂದ ಆ್ಯಡ್ ದುಡ್ಡೂ ಇಲ್ಲ, ಚಂದಾ ಪಾಲೂ ಇಲ್ಲ. ನಮ್ಮಣ್ಣ ಇದೇ ಗುಂಪು ಅಂತ ಆಗಲೇ ಗೊತ್ತಾಗಿದ್ದು. ಅತ್ತಿಗೆಯ ಮುನಿಸು ಈಗ ಆ ಕಡೆ ತಿರುಗಿದೆ.