ಮುಖ ಕಾಣದ ಮೀಟಿಂಗಿಗೆ ಮಾತು ಬರೆದುಕೊಳ್ಳುವ ಬಗೆ

"ಎಲ್ಲರೂ ಕ್ಯಾಮೆರಾ ಆಫ್ ಮಾಡಿ ಕೂತಿರ್ತಾರೆ, ಒಬ್ಬರ ಮುಖಾನೂ ಕಾಣಲ್ಲ. ಅಂಥ ಮೀಟಿಂಗಿಗೆ ಮಾತು ಹೇಗೆ ಬರ್ಕೊಳ್ತೀರಿ ಸರ್?"

ಮೊದಲು ಪ್ರಶ್ನೆಗಳನ್ನು ಬರೆದುಕೊಳ್ಳುತ್ತೇನೆ, ಮಾತು ಆಮೇಲೆ. ನಾನು ಹೆಚ್ಚಾಗಿ ಮಾತಾಡುವುದು ಸೋಮವಾರಪೇಟೆ, ಮಡಿಕೇರಿ ಕಡೆಯ ಕಾಫಿ ಬೆಳೆಗಾರರ ಜೊತೆ. ಮಳೆಗಾಲದಲ್ಲಿ ಅವರು ಕ್ಯಾಮೆರಾ ಹಾಕಿದರೆ ಧ್ವನಿಯೂ ಕಡಿದುಹೋಗುತ್ತದೆ, ಹಾಗಾಗಿ ಆಫ್ ಮಾಡುವುದೇ ಸರಿ.

ಒಮ್ಮೆ ನಲವತ್ತು ನಿಮಿಷ ಮಾತಾಡಿದ್ದೆ. ನಡುನಡುವೆ "ಅರ್ಥ ಆಯ್ತಾ?" ಅಂತ ಕೇಳಿದ್ದೆ, ಯಾರೂ ಏನೂ ಅನ್ನಲಿಲ್ಲ. ಮುಗಿದ ಮೇಲೆ ಒಬ್ಬರು ಫೋನ್ ಮಾಡಿ, ತಮಗೆ ಕೊನೆವರೆಗೂ ಎರಡನೇ ಚಿತ್ರವೇ ಕಾಣುತ್ತಿತ್ತು ಎಂದರು. "ಅರ್ಥ ಆಯ್ತಾ" ಎಂಬುದಕ್ಕೆ ಮೌನವೂ ಉತ್ತರವಾಗಿಬಿಡುತ್ತದೆ. ಈಗ ಚಿತ್ರ ಬದಲಾದ ಕೂಡಲೇ "ಕಾಂಡದ ಮೇಲೆ ಬಾಣದ ಗುರುತು ಯಾವ ಬಣ್ಣದ್ದು?" ಅಂತ ಕೇಳುತ್ತೇನೆ. ನೋಡದೆ ಹೇಳಲಾಗದು.

ಬೋರರ್ ಬಗ್ಗೆ, ಅಂದರೆ ಕಾಫಿ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕ ಹುಳದ ಬಗ್ಗೆ, ಹೋದ ಸಲ ಬರೆದುಕೊಂಡದ್ದನ್ನು ಹೇಳುತ್ತೇನೆ. ಪುಟದ ಎಡಕ್ಕೆ ಆಡುವ ಮಾತು, ಬಲಕ್ಕೆ ಚಾಟಿನಲ್ಲಿ ಹಾಕುವ ಸಾಲು. ಮೊದಲ ಸಾಲು: "ನಿಮ್ಮದು ಅರೇಬಿಕಾ ಆದರೆ 1, ರೋಬಸ್ಟಾ ಆದರೆ 2, ಎರಡೂ ಇದ್ದರೆ 3 ಒತ್ತಿ." ಫೋನಿನಲ್ಲಿ ಕನ್ನಡ ಟೈಪ್ ಮಾಡುವುದು ಹಿರಿಯರಿಗೆ ಕಷ್ಟ, ಒಂದು ಅಂಕಿ ಎಲ್ಲರೂ ಒತ್ತುತ್ತಾರೆ. ಅದರ ಕೆಳಗೆ ನನಗಾಗಿ ಎರಡು ದಾರಿ: 1 ಮತ್ತು 3 ಹೆಚ್ಚಿದ್ದರೆ ಬೋರರ್ ಹಿಡಿದ ಗಿಡದ ಚಿತ್ರ. 2 ಹೆಚ್ಚಿದ್ದರೆ ಬೋರರ್ ಮಾತು ಚಿಕ್ಕದು, ಕಾಯಿಕೊರಕಕ್ಕೆ ಹೋಗುವುದು, ಏಕೆಂದರೆ ಬೋರರ್ ಕಾಟ ಮುಖ್ಯವಾಗಿ ಅರೇಬಿಕಾಕ್ಕೆ. ಬಂದ ಉತ್ತರದಿಂದ ಮುಂದಿನ ಮಾತು ಬದಲಾಗದಿದ್ದರೆ ಆ ಪ್ರಶ್ನೆಯನ್ನು ಹೊಡೆದುಹಾಕುತ್ತೇನೆ. ಉತ್ತರ ಕೊಟ್ಟವರಿಗೆ ಅದು ಬೇಗ ತಿಳಿಯುತ್ತದೆ, ಮುಂದಿನ ಸಲ ಒತ್ತುವುದೇ ಇಲ್ಲ.

ಪ್ರಶ್ನೆಯ ಪಕ್ಕದಲ್ಲಿ "ಹದಿನೈದು ಎಣಿಸು" ಎಂದು ಬರೆದಿರುತ್ತೇನೆ. ನನ್ನ ಮಾತು ಅವರಿಗೆ ತಡವಾಗಿ ತಲುಪುತ್ತದೆ, ಅವರು ಚಾಟ್ ತೆರೆಯಬೇಕು, ಒತ್ತಬೇಕು. ಐದು ಎಣಿಸುವಷ್ಟರಲ್ಲಿ ನಾನು ಮುಂದೆ ಹೋದರೆ ಅರ್ಧ ಬೆರಳು ಒತ್ತಿದವರು ಬಿಟ್ಟುಬಿಡುತ್ತಾರೆ. ಫೋನಿನಲ್ಲಿ ಚಾಟ್ ತೆರೆದರೆ ಚಿತ್ರ ಮುಚ್ಚಿಹೋಗುವುದರಿಂದ ಆ ಹೊತ್ತಿನಲ್ಲಿ ಹೊಸ ವಿಷಯ ಹೇಳುವುದಿಲ್ಲ, ಬಂದ ಉತ್ತರಗಳನ್ನು ಊರಿನ ಹೆಸರಿನೊಂದಿಗೆ ಓದುತ್ತೇನೆ: "ಶನಿವಾರಸಂತೆಯಿಂದ 1, ನಾಪೋಕ್ಲಿನಿಂದ 2." ತಮ್ಮೂರು ಕೇಳಿದವರು ಮತ್ತೆ ಕಿವಿ ಕೊಡುತ್ತಾರೆ.

ತಡವಾಗಿ ಸೇರಿದವರಿಗೆ ಸಾಮಾನ್ಯವಾಗಿ ಹಳೆಯ ಚಾಟ್ ಕಾಣುವುದಿಲ್ಲ. ಅದಕ್ಕೇ ಪ್ರಶ್ನೆಯನ್ನು ಬಾಯಲ್ಲೂ ಹೇಳುತ್ತೇನೆ, ಲಿಂಕ್ ಇದ್ದರೆ ಕೊನೆಗೆ ಮತ್ತೊಮ್ಮೆ ಹಾಕುತ್ತೇನೆ. ಕೊನೆಯ ಸಾಲು ಈ ಬಾರಿ ಹೀಗಿತ್ತು: "ನಾಳೆ ತೋಟದಲ್ಲಿ ಗಿಡದ ಯಾವ ಭಾಗ ನೋಡ್ತೀರಿ? ಎಲೆ ಆದರೆ 1, ಕಾಂಡ ಆದರೆ 2, ಕಾಯಿ ಆದರೆ 3." ಬೋರರಿಗೆ ಕಾಂಡದ ಉಬ್ಬು ಗೆರೆಗಳನ್ನು ನೋಡಬೇಕು. ನಾಲ್ಕಾರು ಜನ 1 ಒತ್ತಿದರು. ಹಳದಿ ಎಲೆಯ ಚಿತ್ರ ಮೊದಲು ತೋರಿಸಿದ್ದೇ ಕಾರಣ ಅನ್ನಿಸಿತು. ಮತ್ತೆ ಕಾಂಡದ ಚಿತ್ರ ಹಾಕಿ ಆ ಗೆರೆಗಳನ್ನು ತೋರಿಸಿದೆ.