ಸುಗ್ಗಿಯ ತೆರಿಗೆ ಬಿಟ್ಟ ಅಮೀರ

“ನೀವು ಅಷ್ಟು ವರ್ಷ ರಿಯಾದ್‌ನಲ್ಲಿದ್ದವರು. ಈ ವಹಾಬಿಗಳ ಕಥೆ ಏನು? ಮರುಭೂಮಿಯಲ್ಲಿ ಯಾರೋ ಒಬ್ಬ ಮುಲ್ಲಾ ಒಬ್ಬ ರಾಜನನ್ನು ಮರುಳು ಮಾಡಿ ದೇಶ ಕಟ್ಟಿಸಿದನಂತೆ, ಹೌದೇ? ಚಿಕ್ಕದಾಗಿ ಹೇಳಿ.”

ಅಲ್ಲ. ಚಿಕ್ಕದಾಗಿ ಕೇಳಿದಿರಿ, ಚಿಕ್ಕದಾಗಿಯೇ ಹೇಳಿದ್ದೇನೆ. ಇಷ್ಟು ಸಾಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಇದನ್ನು ಕೇಳುವವರಲ್ಲಿ ಎರಡು ಬಗೆ. ಒಬ್ಬರಿಗೆ ನನ್ನ ಬಾಯಿಂದ ಬೈಗುಳ ಬೇಕು, ಇನ್ನೊಬ್ಬರಿಗೆ ಸಮರ್ಥನೆ. ಎರಡನ್ನೂ ಕೊಡದಿದ್ದರೆ “ನಿಮಗೆ ಅಲ್ಲಿಯ ಸಂಬಳದ ಋಣ” ಎನ್ನುತ್ತಾರೆ. ನಾನು ಅಲ್ಲಿ ಒಂದು ಗುತ್ತಿಗೆ ಕಂಪನಿಯ ಲೆಕ್ಕಪತ್ರ ನೋಡುತ್ತಿದ್ದೆ. ಸಂಬಳ ಮೂರು ತಿಂಗಳು ತಡವಾಗಿ ಬರುತ್ತಿತ್ತು, ಋಣವೇನಾದರೂ ಇದ್ದರೆ ಅದು ಅವರ ಕಡೆಯದು.

ಮಂಗಳೂರಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹಿರಿಯರೊಬ್ಬರು, ಎಲೆಯ ಮೇಲೆ ಅನ್ನ ಬೀಳುವ ಮೊದಲೇ, “ಒಂಟೆ ಮೇಯಿಸಿಕೊಂಡಿದ್ದ ಅಲೆಮಾರಿಗಳು, ಅವರಿಗೆ ಧರ್ಮವೇನು ರಾಜ್ಯವೇನು” ಎಂದು ಪ್ರಶ್ನೆಯನ್ನೂ ಉತ್ತರವನ್ನೂ ತಾವೇ ಬಡಿಸಿಕೊಂಡರು. ಪಾಯಸ ಬರುವ ತನಕ ನಾನು ಅವರಿಗೆ ಖರ್ಜೂರದ ತೋಟಗಳ ವಿಷಯ ಹೇಳಿದೆ. ಅವರು ನನ್ನ ಆಚೆಗಿದ್ದವರೊಡನೆ ಅಡಿಕೆ ಧಾರಣೆ ಮಾತಾಡತೊಡಗಿದರು. ಅವರಿಗೆ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕಥೆಯ ಮುಖ್ಯ ಪಾತ್ರಗಳಲ್ಲಿ ಒಬ್ಬನೂ ಅಲೆಮಾರಿಯಲ್ಲ. ಎಲ್ಲರೂ ಊರಿನವರು. ಅರೇಬಿಯಾದ ನಡುಭಾಗಕ್ಕೆ ನಜ್ದ್ ಎಂದು ಹೆಸರು. ಅಲ್ಲಿ ಹನೀಫಾ ಎಂಬ ಒಣ ಕಣಿವೆಯಿದೆ. ಮಳೆ ಬಂದರೆ ಮಾತ್ರ ನೀರು, ಉಳಿದಂತೆ ಬಾವಿ. ಅದರ ಉದ್ದಕ್ಕೂ ಮಣ್ಣಿನ ಗೋಡೆಯ ಪುಟ್ಟ ಪುಟ್ಟ ಊರುಗಳು, ಸುತ್ತ ಖರ್ಜೂರದ ತೋಟ. ಪ್ರತಿ ಊರಿಗೂ ಒಬ್ಬ ಅಮೀರ, ಎಂದರೆ ಊರಿನ ಒಡೆಯ, ಅವನಿಗೆ ಪಕ್ಕದ ಊರಿನ ಅಮೀರನೊಡನೆ ಜಗಳ. ಇಂಥ ಒಂದು ಊರು ಉಯೈನಾ. ಅಲ್ಲಿ 1703ರಲ್ಲಿ, ಖಾಜಿಗಳ ಮನೆತನದಲ್ಲಿ ಮುಹಮ್ಮದ್ ಇಬ್ನ್ ಅಬ್ದುಲ್ ವಹಾಬ್ ಹುಟ್ಟಿದರು. ತಂದೆ ಖಾಜಿ, ಅಜ್ಜ ನಜ್ದ್‌ಗೇ ಹೆಸರಾದ ವಿದ್ವಾಂಸ. ಓದು ಮದೀನಾದಲ್ಲಿ, ಅಲ್ಲಿನ ಗುರುಗಳಲ್ಲಿ ಒಬ್ಬರು ನಮ್ಮ ಕಡೆಯ ಸಿಂಧ್‌ನಿಂದ ಹೋದ ಮುಹಮ್ಮದ್ ಹಯಾತ್. ಆಮೇಲೆ ಬಸ್ರಾ. ಅಲ್ಲಿ ಜನರ ಆಚರಣೆಗಳನ್ನು ಟೀಕಿಸಿ ಊರು ಬಿಡಬೇಕಾಯಿತು.

ಬೋಧನೆ ಇಷ್ಟೇ: ಬೇಡುವುದಿದ್ದರೆ ದೇವರೊಬ್ಬನನ್ನೇ ಬೇಡಬೇಕು. ಸಂತರ ಗೋರಿ, ಹರಕೆಯ ಮರ, ತಾಯಿತ ಇವುಗಳಿಂದ ಏನನ್ನಾದರೂ ಕೇಳಿದರೆ ಅದು ಬಹುದೇವಾರಾಧನೆ. ಹೀಗೆ ಹೇಳಿದವರಲ್ಲಿ ಅವರೇ ಮೊದಲಿಗರಲ್ಲ. ಅವರು ಇಟ್ಟ ಹೊಸ ಹೆಜ್ಜೆ ಮುಂದಿನದು. ತಿಳಿಹೇಳಿದ ಮೇಲೂ ಹಾಗೆ ಮಾಡುವವನು ಮುಸ್ಲಿಮನಾಗಿ ಉಳಿಯುವುದಿಲ್ಲ, ಅವನ ಮೇಲೆ ಯುದ್ಧ ಮಾಡಬಹುದು ಎಂದರು. ಇದನ್ನು ಮೊದಲು ವಿರೋಧಿಸಿದವರಲ್ಲಿ ಅವರ ಸ್ವಂತ ಸಹೋದರ ಸುಲೈಮಾನನೂ ಒಬ್ಬ. ಅವನೂ ಖಾಜಿ. ನಮಾಜು ಮಾಡುವ, ಉಪವಾಸ ಹಿಡಿಯುವ ಜನ ತಪ್ಪು ಮಾಡಿದರೆ ತಪ್ಪೆಂದು ಹೇಳು, ಧರ್ಮದಿಂದಲೇ ಹೊರಗೆ ಹಾಕಲು ನಿನಗೇನು ಅಧಿಕಾರ ಎಂಬುದು ಅವನ ವಾದದ ತಿರುಳು. ಇದನ್ನು ಹೇಳಿದರೆ ಎರಡೂ ಬಗೆಯ ಪ್ರಶ್ನೆಗಾರರ ಮುಖ ಸಪ್ಪೆಯಾಗುತ್ತದೆ. ಒಳಗಿನಿಂದಲೇ, ಅದೇ ಮನೆಯಿಂದಲೇ ಆಕ್ಷೇಪ ಬಂದಿತ್ತೆಂಬುದು ಇಬ್ಬರಿಗೂ ಉಪಯೋಗಕ್ಕೆ ಬಾರದ ಸಂಗತಿ.

ಮರುಳು ಮಾಡಿದ ವಿಷಯಕ್ಕೆ ಬರುತ್ತೇನೆ. ಶೇಖ್ ಎಂದೇ ಕರೆಸಿಕೊಂಡ ಇಬ್ನ್ ಅಬ್ದುಲ್ ವಹಾಬ್‌ರಿಗೆ ಸಿಕ್ಕ ಮೊದಲ ಅಮೀರ ಸೌದ್ ಮನೆತನದವನಲ್ಲ, ಉಯೈನಾದ ಉಸ್ಮಾನ್ ಇಬ್ನ್ ಮುಅಮ್ಮರ್. ಉಸ್ಮಾನ್ ಕೈತುಂಬಾ ಬೆಂಬಲ ಕೊಟ್ಟ, ತನ್ನ ಮನೆತನದ ಹೆಣ್ಣನ್ನು ಕೊಟ್ಟು ಮದುವೆ ಮಾಡಿದ. ಹರಕೆಯ ಮರಗಳನ್ನು ಕಡಿದರು. ಪ್ರವಾದಿಯವರ ಸಂಗಡಿಗ ಜೈದ್ ಇಬ್ನ್ ಅಲ್ ಖತ್ತಾಬ್‌ರ ಗೋರಿಯ ಮೇಲಿದ್ದ ಗುಮ್ಮಟವನ್ನು ಉಸ್ಮಾನನ ಸೈನಿಕರ ಕಾವಲಿನಲ್ಲಿ ಕೆಡವಿದರು. ವ್ಯಭಿಚಾರವನ್ನು ತಾನಾಗಿ ಒಪ್ಪಿಕೊಂಡ ಒಬ್ಬ ಹೆಂಗಸನ್ನು ಕಲ್ಲು ಹೊಡೆದು ಕೊಂದರು. ಈ ಕೊನೆಯ ಸುದ್ದಿ ದೂರದವರೆಗೆ ಹಬ್ಬಿತು.

ಪೂರ್ವದಲ್ಲಿ, ಕೊಲ್ಲಿಯ ಕಡೆಗೆ, ಹಸಾ ಎಂಬ ಸೀಮೆ. ಅದರ ಒಡೆಯರು ಬನೂ ಖಾಲಿದ್ ಕುಲದವರು. ನಜ್ದ್‌ನ ವ್ಯಾಪಾರಕ್ಕೆ ಬಂದರು ಅವರ ಕೈಯಲ್ಲಿತ್ತು. ಉಸ್ಮಾನನಿಗೆ ಅಲ್ಲಿಂದ ವರ್ಷವರ್ಷವೂ ಆದಾಯ ಬರುತ್ತಿತ್ತು. ಹಸಾದ ದೊರೆ ಹೇಳಿ ಕಳುಹಿಸಿದ: ಆ ಮನುಷ್ಯನನ್ನು ತೊಲಗಿಸು, ಇಲ್ಲದಿದ್ದರೆ ನಿನ್ನ ಹಣ ನಿಲ್ಲುತ್ತದೆ. ಉಸ್ಮಾನ್ ಲೆಕ್ಕ ಹಾಕಿದ, ಶೇಖ್‌ರನ್ನು ಊರು ಬಿಡುವಂತೆ ಕೇಳಿಕೊಂಡ. ಇತಿಹಾಸಕಾರ ಇಬ್ನ್ ಬಿಶ್ರ್ ಬರೆಯುವಂತೆ, ಅವರು ಬೇಸಗೆಯ ಬಿಸಿಲಿನಲ್ಲಿ ಕೈಯಲ್ಲೊಂದು ಬೀಸಣಿಗೆ ಮಾತ್ರ ಹಿಡಿದು ನಡೆದೇ ಹೊರಟರು. ಅದೇ ಕಣಿವೆಯ ಕೆಳಗಿನ ಊರು ದಿರಿಯಾಕ್ಕೆ.

ನನ್ನನ್ನು ಯಾರಾದರೂ ಕೇಳಬೇಕೆಂದು ನಾನು ಕಾದಿರುವ ಪ್ರಶ್ನೆ ಇಲ್ಲಿದೆ. ಅದೇ ಬೋಧಕ, ಅದೇ ಬೋಧನೆ, ಅದೇ ಕಣಿವೆ. ಉಯೈನಾದಲ್ಲಿ ಮುಗ್ಗರಿಸಿದ್ದು ದಿರಿಯಾದಲ್ಲಿ ಹೇಗೆ ನಿಂತಿತು? ಮೊದಲ ಅಮೀರನೂ ನಂಬಿದವನೇ. ಮರುಳು ಮಾಡುವುದರಿಂದಲೇ ರಾಜ್ಯ ಕಟ್ಟುವಂತಿದ್ದರೆ ಇಂದು ಅದು ಮುಅಮ್ಮರ್ ಅರೇಬಿಯಾ ಆಗಿರುತ್ತಿತ್ತು.

ದಿರಿಯಾದ ಅಮೀರ ಮುಹಮ್ಮದ್ ಇಬ್ನ್ ಸೌದ್. ಊರು ಚಿಕ್ಕದು, ಬಡದು. 1744ರ ಹೊತ್ತಿಗೆ ಶೇಖ್ ಅಲ್ಲಿಗೆ ಬಂದು ಶಿಷ್ಯನೊಬ್ಬನ ಮನೆಯಲ್ಲಿ ಇಳಿದುಕೊಂಡರು. ಅಮೀರನಿಗೆ ಮೊದಲು ಹೇಳಿದವಳು ಅವನ ಹೆಂಡತಿ ಮೂದೀ: ದೇವರು ನಿನ್ನ ಬಾಗಿಲಿಗೆ ಕಳುಹಿಸಿದ ಭಾಗ್ಯವಿದು, ಕೈಬಿಡಬೇಡ. ಅವನು ತಾನೇ ನಡೆದು ಹೋಗಿ ಕಂಡ. ಬೆಂಬಲ ಕೊಡುತ್ತೇನೆಂದ, ಎರಡು ಷರತ್ತು ಇಟ್ಟ. ಒಂದು, ನಾವು ಗೆದ್ದ ಮೇಲೆ ನೀವು ನಮ್ಮನ್ನು ಬಿಟ್ಟು ಬೇರೆಯವರ ಕಡೆ ಹೋಗಬಾರದು. ಎರಡು, ಸುಗ್ಗಿಯಲ್ಲಿ ಊರಿನವರಿಂದ ನಾನು ತೆರಿಗೆ ಎತ್ತುತ್ತೇನೆ, ಅದನ್ನು ಬೇಡವೆನ್ನಬಾರದು.

ಲೆಕ್ಕಿಗನಾದ ನನಗೆ ಈ ಎರಡನೆಯ ಷರತ್ತಿನಲ್ಲೇ ಇಡೀ ಕಥೆ ಕಾಣುತ್ತದೆ. ಕುರಾನಿನ ಪ್ರಕಾರದ ಜಕಾತ್ ಬಿಟ್ಟು ಬೇರೆ ವಸೂಲಿಯನ್ನು ಶೇಖ್ ಒಪ್ಪುವವರಲ್ಲ, ಅದು ಅಮೀರನಿಗೆ ಗೊತ್ತಿತ್ತು. ಶೇಖ್ ಮೊದಲನೆಯದಕ್ಕೆ ರಕ್ತಕ್ಕೆ ರಕ್ತ ಎಂಬ ಮಾತು ಹೇಳಿ ಕೈಕೊಟ್ಟರು. ಎರಡನೆಯದಕ್ಕೆ, ದೇವರು ನಿನಗೆ ಗೆಲುವು ಕೊಡಬಹುದು, ಆ ಸುಲಿಗೆಯ ಪಾಲು ಈ ತೆರಿಗೆಗಿಂತ ಮೇಲಾದೀತು ಎಂದರು. ಇಲ್ಲ ಎನ್ನಲಿಲ್ಲ, ಹೌದೂ ಎನ್ನಲಿಲ್ಲ. ಇನ್ನೂ ದೊಡ್ಡ ಆದಾಯವನ್ನು ತೋರಿಸಿದರು. ಈ ಮಾತುಕತೆಯನ್ನು ಬರೆದ ಇಬ್ನ್ ಬಿಶ್ರ್ 19ನೆಯ ಶತಮಾನದವನು, ಹತ್ತಿರ ನಿಂತು ಕೇಳಿದವನಲ್ಲ. ಆದರೂ ಮುಂದೆ ನಡೆದದ್ದಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಉಸ್ಮಾನನಿಗೆ ಕಳೆದುಕೊಳ್ಳಲು ಹಸಾದ ಹಣವಿತ್ತು. ಇಬ್ನ್ ಸೌದ್‌ಗೆ ಇದ್ದದ್ದು ಸ್ವಂತ ಊರಿನ ಖರ್ಜೂರದ ಮೇಲಿನ ಕರ. ಅದನ್ನು ಬಿಡುವುದು ಸುಲಭ. ಇತ್ತ ಉಸ್ಮಾನನಿಗೆ ಪಶ್ಚಾತ್ತಾಪವಾಗಿ ಕರೆಯಲು ಬಂದಾಗ ಶೇಖ್, ಅದು ಈಗ ಇಬ್ನ್ ಸೌದ್ ಹೇಳಬೇಕಾದ ಮಾತು ಎಂದರಂತೆ. ಇಬ್ನ್ ಸೌದ್ ಬಿಟ್ಟುಕೊಡಲಿಲ್ಲ. 1750ರಲ್ಲಿ ಉಸ್ಮಾನನನ್ನು ಶುಕ್ರವಾರದ ನಮಾಜಿನ ನಂತರ ಮಸೀದಿಯಲ್ಲೇ ಕೊಂದರು. ಕೊಂದವರು ಶೇಖ್‌ರ ಅನುಯಾಯಿಗಳೇ, ಹೊರಿಸಿದ ಅಪರಾಧ ಶತ್ರುಗಳೊಡನೆ ಒಳಸಂಚು. ಅವನ ಮಗಳು ಅದಾಗಲೇ ದಿರಿಯಾದ ಸೊಸೆ, ಅವಳ ಮಗ ಮುಂದೆ ಅಲ್ಲಿಯ ದೊರೆ.

ಯಂತ್ರ ಓಡಿದ್ದು ಹೀಗೆ. ನಜ್ದ್‌ನಲ್ಲಿ ಕುಲಗಳು ಒಂದನ್ನೊಂದು ಸುಲಿಯುವುದು ಹಳೆಯ ರೂಢಿ. ದಿರಿಯಾಕ್ಕೆ ತಲೆಬಾಗಿದವರನ್ನು ಇನ್ನು ಮುಂದೆ ಸುಲಿಯುವಂತಿಲ್ಲ, ಅವರು ಜಕಾತ್ ಕೊಡಬೇಕು, ಯುದ್ಧಕ್ಕೆ ಜನ ಕಳುಹಿಸಬೇಕು. ತಲೆಬಾಗದವರ ಮೇಲೆ ಹೋದರೆ ಅದು ಜಿಹಾದ್. ಬಂದ ಸೊತ್ತಿನಲ್ಲಿ ಐದನೇ ಒಂದು ಪಾಲು ದಿರಿಯಾಕ್ಕೆ, ಉಳಿದದ್ದು ಹೋರಾಡಿದವರಿಗೆ. ಗೆದ್ದ ಊರಿಗೆ ಒಬ್ಬ ಖಾಜಿ ಬರುತ್ತಿದ್ದ. ಹೀಗೆ ಒಳಗೆ ಶಾಂತಿ ಹೆಚ್ಚಿದಷ್ಟೂ ಹೊರಗೆ ಇನ್ನಷ್ಟು ದೂರ ಹೋಗಬೇಕು. ವೇಗ ಮಾತ್ರ ದಂತಕಥೆಯಲ್ಲಿರುವಂತೆ ಮಿಂಚಿನದಲ್ಲ. ದಿರಿಯಾದ ಪಕ್ಕದಲ್ಲೇ ಇರುವ ರಿಯಾದ್‌ನ ದಹ್ಹಾಮ್ ಇಬ್ನ್ ದವ್ವಾಸ್ ಸುಮಾರು 27 ವರ್ಷ ಮಣಿಯಲಿಲ್ಲ. ನನ್ನ ಕಾಲದಲ್ಲಿ ಆ ದೂರವನ್ನು ಕಾರಿನಲ್ಲಿ ಅರ್ಧ ಗಂಟೆಯಲ್ಲಿ ಕ್ರಮಿಸುತ್ತಿದ್ದೆವು. 1773ರಲ್ಲಿ ಅವನು ಊರು ಬಿಟ್ಟು ಓಡಿದ, ಒಳಗೆ ಹೊಕ್ಕವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಖಾಲಿ ಮನೆಗಳು. ಆ ಹೊತ್ತಿಗೆ ಮುಹಮ್ಮದ್ ಇಬ್ನ್ ಸೌದ್ ತೀರಿಕೊಂಡು ಎಂಟು ವರ್ಷ.

ಆರಂಭದಲ್ಲಿ ಶೇಖ್‌ರ ಶಿಷ್ಯರು ರಾತ್ರಿ ಕೂಲಿ ಮಾಡಿ ಹಗಲು ಪಾಠಕ್ಕೆ ಕೂರುತ್ತಿದ್ದರಂತೆ. ಇಬ್ನ್ ಸೌದ್‌ನ ಮೊಮ್ಮಗ ಸೌದ್‌ನ ಕಾಲದ ದಿರಿಯಾ ಪೇಟೆಯನ್ನು ಇಬ್ನ್ ಬಿಶ್ರ್ ಕಂಡು ಬರೆದಿದ್ದಾನೆ: ಒಂದು ಕಡೆ ಗಂಡಸರ ಸಂತೆ, ಇನ್ನೊಂದು ಕಡೆ ಹೆಂಗಸರದು, ಮಾರಿದೆ ಕೊಂಡೆ ಎಂಬ ಗದ್ದಲ ಜೇನುಹುಳುಗಳ ಗುಂಯ್‌ಗುಡುವಿಕೆಯಂತೆ, ಚಿನ್ನ ಬೆಳ್ಳಿಯ ಕೆಲಸವಿದ್ದ ಆಯುಧಗಳು. ಈ ನಡುವೆ ಹಸಾ ದಿರಿಯಾದ ವಶವಾಗಿತ್ತು, ಯಾವ ಹಸಾದ ಬೆದರಿಕೆಗೆ ಉಸ್ಮಾನ್ ಬಾಗಿದ್ದನೋ ಅದೇ ಹಸಾ. 1802ರಲ್ಲಿ ಕರ್ಬಲಾದ ಮೇಲೆ ಬಿದ್ದು ಸಾವಿರಾರು ಶಿಯಾಗಳನ್ನು ಕೊಂದು ದರ್ಗಾ ಸುಲಿದರು. ಇದನ್ನು ಧರ್ಮದ ಹೆಸರಿನ ಶುದ್ಧೀಕರಣ ಎಂದು ನನಗೆ ಯಾರೂ ವಿವರಿಸಬೇಕಾಗಿಲ್ಲ. ಕೊಲೆಯೆಂದೂ ಸುಲಿಗೆಯೆಂದೂ ಕರೆಯುತ್ತೇನೆ. ಮರು ವರ್ಷ ಮಕ್ಕಾಕ್ಕೆ ಹೊಕ್ಕರು.

ಅಲ್ಲಿ ಯಂತ್ರ ತನಗಿಂತ ದೊಡ್ಡದಕ್ಕೆ ಡಿಕ್ಕಿ ಹೊಡೆಯಿತು. ಹಜ್ ಯಾತ್ರೆಯ ರಕ್ಷಕ ಎಂಬುದು ಒಟ್ಟೋಮನ್ ತುರ್ಕಿ ಸುಲ್ತಾನನ ಪದವಿ. ಅವನ ಹೆಸರಿನಲ್ಲಿ ಈಜಿಪ್ಟಿನ ಮುಹಮ್ಮದ್ ಅಲಿ 1811ರಿಂದ ಸೈನ್ಯ ಕಳುಹಿಸಿದ. ಸುಲಿಗೆಯ ಪಾಲು ನಿಂತಿತು, ಮುಹಮ್ಮದ್ ಅಲಿ ಕುಲಗಳಿಗೆ ರೊಕ್ಕ ಹಂಚತೊಡಗಿದ, ಪಾಲಿಗಾಗಿ ಬಂದಿದ್ದವರು ಪಕ್ಷ ಬದಲಿಸಿದರು. 1818ರಲ್ಲಿ ಮುಹಮ್ಮದ್ ಅಲಿಯ ಮಗ ಇಬ್ರಾಹಿಂ ಪಾಷಾ ತಿಂಗಳುಗಟ್ಟಲೆ ಫಿರಂಗಿ ಹೊಡೆದು ದಿರಿಯಾ ಹಿಡಿದ, ಆಮೇಲೆ ಊರನ್ನು ನೆಲಸಮ ಮಾಡಿಸಿ ಖರ್ಜೂರದ ಮರಗಳನ್ನೂ ಕಡಿಸಿದ. ಕೊನೆಯ ಅಮೀರ ಅಬ್ದುಲ್ಲಾನ ತಲೆ ಇಸ್ತಾಂಬುಲ್‌ನಲ್ಲಿ ಹೋಯಿತು. ಆ ಮನೆತನ ಮತ್ತೆ ಎದ್ದು ಸೋತು, ಇನ್ನೊಮ್ಮೆ 1902ರಲ್ಲಿ ರಿಯಾದ್ ಹಿಡಿದದ್ದು ಬೇರೆಯೇ ಅಧ್ಯಾಯ.

ಮುಲ್ಲಾ ರಾಜನನ್ನು ಬಳಸಿದನೋ, ರಾಜ ಮುಲ್ಲಾನನ್ನೋ ಎಂದು ಈಗ ಕೇಳುತ್ತೀರಿ, ಗೊತ್ತು. ಇಬ್ಬರಿಗೂ ಪಾಲು ಸಿಕ್ಕಿತು. ಶೇಖ್‌ರ ವಂಶದವರು ಪೀಳಿಗೆಗಳ ಕಾಲ ಮುಫ್ತಿಗಳಾದರು, ಇಪ್ಪತ್ತನೆಯ ಶತಮಾನದ ಸೌದಿ ದೊರೆ ಫೈಸಲ್‌ನ ತಾಯಿಯೂ ಅದೇ ವಂಶದವಳು. ಆದರೆ ದಸ್ತಾವೇಜು ಯಾರ ಕೈಯಲ್ಲಿದೆ ನೋಡಿ. 2022ರಿಂದ ಸೌದಿ ಸರ್ಕಾರ ಫೆಬ್ರವರಿ 22ನ್ನು ಸ್ಥಾಪನಾ ದಿನವೆಂದು ಆಚರಿಸುತ್ತಿದೆ, ಅದು ಎಣಿಸುವುದು 1744ರ ಒಪ್ಪಂದದಿಂದಲ್ಲ. ಮುಹಮ್ಮದ್ ಇಬ್ನ್ ಸೌದ್ ದಿರಿಯಾದ ಅಮೀರನಾದ 1727ರಿಂದ. ಆ ವರ್ಷ ಶೇಖ್ ದಿರಿಯಾಕ್ಕೆ ಇನ್ನೂ ಕಾಲಿಟ್ಟೇ ಇರಲಿಲ್ಲ.